ಅಂಕ ಮುಖದ್ದೋ, ಬೆಳಕಿನದ್ದೋ?

ಮೈಸೂರಿನ ರಾಮಕೃಷ್ಣನಗರ, ಆಂದೋಲನ ಸರ್ಕಲ್ಲಿನ ಆಸುಪಾಸು. ಸಂಜೆ ಚಾಟ್ಸ್ ಗಾಡಿಯ ಮುಂದೆ ನಿಂತ ಕಾಲೇಜು ಹುಡುಗಿಯರ ಕೈಯಲ್ಲಿ ಒಂದು ಹೊಸ ಆಟ. ಮೊಬೈಲನ್ನು ಮುಖದೆದುರು ಹಿಡಿಯುತ್ತಾರೆ, ಒಂದು ಗೆರೆ ಹಣೆಯಿಂದ ಗಲ್ಲದವರೆಗೆ ಜಾರುತ್ತದೆ, ಅಂಕ ಬೀಳುತ್ತದೆ. "ನಿಂಗೆಷ್ಟು ಬಂತೇ?" "ಆರೂವರೆ ಕಣೇ. ಇವಳಿಗೆ ನೋಡು, ಎಂಟು ಪಾಯಿಂಟ್ ಎರಡು!" ಇನ್ನೊಂದು ಆ್ಯಪ್ ಇನ್ನೂ ಮುಂದೆ ಹೋಗಿ ಕಣ್ಣ ಕೆಳಗೆ ಕಪ್ಪು ಇದೆ, ಮೂಗಿನ ಮೇಲೆ ಜಿಡ್ಡಿದೆ, ಕೆನ್ನೆಯ ಬಣ್ಣ ಸಮವಾಗಿಲ್ಲ ಎಂದು ಪಟ್ಟಿ ಮಾಡಿ, ಕೊನೆಗೆ ಒಂದು ಕ್ರೀಮಿನ ಹೆಸರನ್ನೂ ತೋರಿಸುತ್ತದೆ.

ಆಟವಾಗಿಯೇ ಮುಗಿದರೆ ತೊಂದರೆಯಿಲ್ಲ. ಆದರೆ ದಶಮಾಂಶದ ಚುಕ್ಕೆ ಇಟ್ಟುಕೊಂಡು ಬರುವ ಸಂಖ್ಯೆಗೆ ಥರ್ಮಾಮೀಟರಿನ ಗತ್ತು ಇರುತ್ತದೆ. ಜ್ವರ ನೂರೊಂದು ಅಂದರೆ ನಂಬುವ ನಾವು ಮುಖ ಆರೂವರೆ ಅಂದರೂ ಅಷ್ಟೇ ಸಲೀಸಾಗಿ ನಂಬಿಬಿಡುತ್ತೇವೆ. ಈ ಸಂಖ್ಯೆ ಏನನ್ನು ಅಳೆಯುತ್ತಿದೆ, ಮೈಬಣ್ಣ ತುಸು ಗಾಢವಾದ ಕೂಡಲೇ ಅದು ಯಾಕೆ ಇಳಿಯುತ್ತದೆ ಎಂದು ತಿಳಿಯಬೇಕಾದರೆ ಫೋಟೊ ಕ್ಲಿಕ್ಕಿಸಿದ ಕ್ಷಣದಿಂದ ಅಂಕ ಬೀಳುವವರೆಗಿನ ಹಾದಿಯಲ್ಲಿ ಒಮ್ಮೆ ನಡೆದು ನೋಡಬೇಕು.

ಚುಕ್ಕಿ, ಗೆರೆ, ಅಂಕ

ಮೊದಲ ಕೆಲಸ ಮುಖ ಎಲ್ಲಿದೆ ಎಂದು ಹುಡುಕುವುದು. ಸಿಕ್ಕಿದ ಮೇಲೆ ಹುಬ್ಬು, ಕಣ್ಣಿನ ಮೂಲೆ, ಮೂಗಿನ ತುದಿ, ತುಟಿಯಂಚು, ದವಡೆಯ ಗೆರೆಗಳ ಮೇಲೆ ತಂತ್ರಾಂಶ ಚುಕ್ಕಿಗಳನ್ನು ಇಡುತ್ತದೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 68 ಚುಕ್ಕಿಗಳಿವೆ. ಗೂಗಲ್‌ನ ಮೀಡಿಯಾಪೈಪ್‌ನ ಜಾಲರಿಯಲ್ಲಿ 468. ಈ ಚುಕ್ಕಿಗಳ ಆಧಾರದ ಮೇಲೆ ಓರೆಯಾದ ಮುಖವನ್ನು ನೆಟ್ಟಗೆ ಮಾಡಿ, ಸುತ್ತಲಿನದನ್ನು ಕತ್ತರಿಸಿ, ಸಣ್ಣದೊಂದು ಚೌಕಕ್ಕೆ ಇಳಿಸಲಾಗುತ್ತದೆ.

ಇಲ್ಲಿಂದ ಹಾದಿ ಎರಡಾಗುತ್ತದೆ. ಒಂದು ರೇಖಾಗಣಿತದ ಹಾದಿ: ಕಣ್ಣುಗಳ ನಡುವಿನ ಅಂತರ, ಎಡ ಬಲಗಳ ಹೊಂದಾಣಿಕೆ, ಹಣೆ-ಮೂಗು-ಗಲ್ಲದ ಮೂರು ಸಮಪಾಲು. ಈ ಮೂರು ಪಾಲು ನಮಗೆ ಹೊಸದಲ್ಲ. ಶಿಲ್ಪಶಾಸ್ತ್ರದ ತಾಲಮಾನದಲ್ಲಿ ಮುಖಕ್ಕೆ ಹನ್ನೆರಡು ಅಂಗುಲ, ಹಣೆಗೆ ನಾಲ್ಕು, ಮೂಗಿಗೆ ನಾಲ್ಕು, ಅಲ್ಲಿಂದ ಗಲ್ಲಕ್ಕೆ ನಾಲ್ಕು. ಆದರೆ ಶಿಲ್ಪಿಗೆ ಅದು ವಿಗ್ರಹ ಕಡೆಯುವ ಅಳತೆ. ದೇವಸ್ಥಾನಕ್ಕೆ ಬಂದವರ ಮುಖಕ್ಕೆ ಹಿಡಿಯುವ ಅಳತೆಗೋಲಲ್ಲ. ಮೇಲಾಗಿ ಸೆಲ್ಫಿಯಲ್ಲಿ ಈ ಅಳತೆಯೇ ಹದ ತಪ್ಪುತ್ತದೆ. ಸುಮಾರು ಒಂದಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡ, ಐದಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಕೈಯ ಉದ್ದ ಮೂಗಿನ ಅಂಕವನ್ನು ನಿರ್ಧರಿಸುತ್ತದೆ ಎಂದಾಯಿತು.

ಎರಡನೆಯದು ಕಲಿಕೆಯ ಹಾದಿ, ಈಗ ಹೆಚ್ಚು ಚಾಲ್ತಿಯಲ್ಲಿರುವುದು. ಇಲ್ಲಿ ಚೆಲುವಿನ ಸೂತ್ರವನ್ನು ಯಾರೂ ಬರೆದುಕೊಡುವುದಿಲ್ಲ. ಸಾವಿರಾರು ಫೋಟೊಗಳನ್ನೂ ಅವಕ್ಕೆ ಮನುಷ್ಯರು ಕೊಟ್ಟ ಅಂಕಗಳನ್ನೂ ನರಜಾಲಕ್ಕೆ ಉಣಿಸಿ, ಹೊಸ ಫೋಟೊ ಬಂದರೆ ಆ ಜನ ಎಷ್ಟು ಕೊಡುತ್ತಿದ್ದರು ಎಂದು ಊಹಿಸಲು ಕಲಿಸುತ್ತಾರೆ. ಆ್ಯಪ್ ಹೇಳುವುದು ನಿಮ್ಮ ಮುಖ ಹೇಗಿದೆ ಎಂದಲ್ಲ, ಎಲ್ಲಿಯೋ ಇದ್ದ ಕೆಲವರು ಈ ಫೋಟೊಗೆ ಸರಾಸರಿ ಎಷ್ಟು ಕೊಟ್ಟಿರುತ್ತಿದ್ದರು ಎಂದು.

ಅರವತ್ತು ಜನರ ಅಭಿರುಚಿ

ಆ ಕೆಲವರು ಯಾರು ಎಂಬುದನ್ನು ಹೆಚ್ಚಿನ ಆ್ಯಪ್‌ಗಳು ಹೇಳುವುದಿಲ್ಲ. ಆದರೆ ಸಂಶೋಧನೆಯ ಲೋಕದಲ್ಲಿ ಎಲ್ಲರ ಕೈಗೂ ಸಿಗುವ ಒಂದು ಸಂಗ್ರಹವಿದೆ. ಅದನ್ನು ನೋಡಿದರೆ ಉಳಿದವುಗಳ ಅಂದಾಜು ಸಿಗುತ್ತದೆ. ಚೀನಾದ ಸೌತ್ ಚೈನಾ ಯೂನಿವರ್ಸಿಟಿ ಆಫ್ ಟೆಕ್ನಾಲಜಿ 2018ರಲ್ಲಿ ಹೊರತಂದ ಈ ಸಂಗ್ರಹದ ಹೆಸರು SCUT-FBP5500. ಹೆಸರೇ ಹೇಳುವಂತೆ ಅದರಲ್ಲಿ 5500 ಮುಖಗಳು. ಏಷ್ಯಾದವರು ಎಂದು ಗುರುತಿಸಿದ ಹೆಣ್ಣು 2000, ಗಂಡು 2000. ಬಿಳಿಯರು ಎಂದು ಗುರುತಿಸಿದ ಹೆಣ್ಣು 750, ಗಂಡು 750. ಅಂಕ ಕೊಟ್ಟವರು 60 ಮಂದಿ ಸ್ವಯಂಸೇವಕರು. ಪ್ರತಿ ಮುಖಕ್ಕೂ ಒಂದರಿಂದ ಐದರೊಳಗೆ ಒಂದು ಅಂಕ, ಅವುಗಳ ಸರಾಸರಿಯೇ ಆ ಮುಖದ 'ನಿಜವಾದ' ಚೆಲುವು.

ಇದರ ಮೇಲೆ ಕಲಿತ ಒಳ್ಳೆಯ ನರಜಾಲ ಆ ಅರವತ್ತು ಮಂದಿಯ ಸರಾಸರಿಯನ್ನು ಚೆನ್ನಾಗಿಯೇ ಊಹಿಸುತ್ತದೆ. ಐದರ ಅಳತೆಯಲ್ಲಿ ಅದರ ತಪ್ಪು ಸಾಮಾನ್ಯವಾಗಿ ಕಾಲು ಅಂಕದ ಆಸುಪಾಸು. ಅದನ್ನೇ ಹತ್ತಕ್ಕೆ ಹಿಗ್ಗಿಸಿದರೆ ತಪ್ಪು ಅರ್ಧ ಅಂಕವಾಗುತ್ತದೆ. ಹಾಗಿರುವಾಗ 6.5ಕ್ಕೂ 6.8ಕ್ಕೂ ನಡುವೆ ಇರುವುದು ವ್ಯತ್ಯಾಸವಲ್ಲ, ಬರೀ ಗದ್ದಲ. ಅದೂ ಪರೀಕ್ಷೆಗೆ ಇಟ್ಟ ಮುಖಗಳು ಅದೇ ಸಂಗ್ರಹದವಾಗಿದ್ದಾಗ ಮಾತ್ರ ಬರುವ ಫಲಿತಾಂಶ. ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಡುಗಪ್ಪಿನ ದಕ್ಷಿಣ ಭಾರತೀಯ ಮುಖಗಳಿಗೆಂದು ಪ್ರತ್ಯೇಕ ಗುಂಪು ಆ ಸಂಗ್ರಹದಲ್ಲಿಲ್ಲ. ಕಾಣದ ಮುಖ ಎದುರಾದಾಗ ನರಜಾಲ 'ಗೊತ್ತಿಲ್ಲ' ಎನ್ನುವುದಿಲ್ಲ. ತನಗೆ ಗೊತ್ತಿರುವ ಗುರುತುಗಳನ್ನೇ ಹಿಡಿದು ಏನೋ ಒಂದು ಸಂಖ್ಯೆ ಉಗುಳುತ್ತದೆ.

ಆ ಗುರುತುಗಳಲ್ಲಿ ಸುಲಭಕ್ಕೆ ಸಿಗುವುದು ಕೆನ್ನೆಯ ಹೊಳಪು. ಕಲಿಕೆಯ ಫೋಟೊಗಳಲ್ಲಿ ಹೆಚ್ಚು ಅಂಕ ಪಡೆದವು ಸ್ಟುಡಿಯೊ ಬೆಳಕಿನವಾಗಿದ್ದರೆ, ಇಲ್ಲವೇ ಅಂಕ ಕೊಟ್ಟವರಿಗೇ ಬೆಳ್ಳಗಿರುವುದು ಚೆಂದ ಎನಿಸಿದ್ದರೆ, 'ಇಲ್ಲಿ ಬೆಳಕು ಹೆಚ್ಚಿದ್ದರೆ ಅಂಕ ಹೆಚ್ಚು' ಎಂಬ ಪಾಠವನ್ನು ನರಜಾಲ ತಾನಾಗಿಯೇ ಕಲಿಯುತ್ತದೆ. ಚೆನ್ನಾಗಿ ಬೆಳಕು ಬಿದ್ದ ಮುಖ, ಹುಟ್ಟಿನಿಂದ ತಿಳಿಬಣ್ಣದ ಮುಖ, ಎರಡೂ ಅದಕ್ಕೆ ಒಂದೇ.

ಒಂದೇ ಮುಖ, ಮೂರು ಬಣ್ಣ

ಕ್ಯಾಮೆರಾ ಚರ್ಮವನ್ನು ನೋಡುವುದಿಲ್ಲ, ಚರ್ಮದಿಂದ ವಾಪಸು ಬಂದ ಬೆಳಕನ್ನು ನೋಡುತ್ತದೆ. ಫೋಟೊದ ಪ್ರತಿ ಬಿಂದುವಿನ ಬೆಲೆಯೂ ಬಿದ್ದ ಬೆಳಕು ಮತ್ತು ಚರ್ಮ ಅದರಲ್ಲಿ ವಾಪಸು ಕಳಿಸಿದ ಪಾಲು, ಇವೆರಡರ ಗುಣಲಬ್ಧ. ಗುಣಲಬ್ಧವೊಂದನ್ನೇ ಕೊಟ್ಟು ಒಳಗಿನ ಎರಡು ಸಂಖ್ಯೆಗಳನ್ನು ಹೇಳು ಎಂದರೆ ಯಾವ ಗಣಿತಜ್ಞನಿಂದಲೂ ಆಗದು. ಹನ್ನೆರಡು ಬಂದಿದೆ ಎಂದರೆ ಮೂರು ನಾಲ್ಕಲೆಯೋ ಎರಡಾರಲೆಯೋ? ಸಕಲ ಮುಖ ವಿಶ್ಲೇಷಕಗಳೂ ಎಡವುವುದು ಇಲ್ಲಿಯೇ.

ಲೆಕ್ಕ ಹಾಕಿಯೇ ನೋಡೋಣ. ಚರ್ಮದ ಬಣ್ಣವನ್ನು ಅಂಕೆಯಲ್ಲಿ ಹೇಳಲು ಸಂಶೋಧಕರು ಬಳಸುವ ಒಂದು ಅಳತೆ ಐಟಿಎ ಎಂಬ ಕೋನ. ಅದರ ಸೂತ್ರ ಇಷ್ಟೇ:

```
ITA = arctan((L* − 50) / b*) × 180 / π
```

ಇದರಲ್ಲಿ L* ಎಂದರೆ ಸೊನ್ನೆಯಿಂದ ನೂರರವರೆಗಿನ ತಿಳಿತನ, b* ಎಂದರೆ ಹಳದಿಯ ಪ್ರಮಾಣ. ಕೋನ 55 ಡಿಗ್ರಿ ದಾಟಿದರೆ 'ತುಂಬ ತಿಳಿ', 41ರಿಂದ 55 'ತಿಳಿ', 28ರಿಂದ 41 'ನಡುಮಟ್ಟ', 10ರಿಂದ 28 'ಗೋಧಿ', ಅದಕ್ಕೂ ಕೆಳಗೆ ಮೈನಸ್ 30ರವರೆಗೆ 'ಕಂದು', ಆಮೇಲೆ 'ಗಾಢ'.

ಈಗ ರಾಮಕೃಷ್ಣನಗರದ ಒಂದು ಮನೆ, ಅದರ ಮುಂದೆ ನಿಂತ ಒಬ್ಬ ಯುವತಿ ಎಂದು ಇಟ್ಟುಕೊಳ್ಳಿ. ಹದವಾದ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಅವಳ ಕೆನ್ನೆಯ L* 57, b* 18. ಕೋನ ಸುಮಾರು 21 ಡಿಗ್ರಿ, ಗೋಧಿ ಬಣ್ಣ. ಈಗ ಅವಳು ಹೊಸದಾಗಿ ಸುಣ್ಣ ಬಳಿದ ಕಾಂಪೌಂಡಿಗೆ ಬೆನ್ನು ಮಾಡಿ ನಿಲ್ಲುತ್ತಾಳೆ. ಬಿಸಿಲಿಗೆ ಗೋಡೆ ಕಣ್ಣು ಕುಕ್ಕುತ್ತದೆ. ಫೋನು ಚಿತ್ರವಿಡೀ ಬಿಳಿಚಿಹೋಗದಿರಲೆಂದು ತಾನು ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು ಅರ್ಧಕ್ಕೆ ಇಳಿಸುತ್ತದೆ. ಕೆನ್ನೆಯ L* 42ಕ್ಕೆ, b* 14.3ಕ್ಕೆ ಇಳಿದು, ಕೋನ ಸುಮಾರು ಮೈನಸ್ 29 ಆಗುತ್ತದೆ. ಅದೇ ಹುಡುಗಿ ಈಗ 'ಕಂದು', ಇನ್ನೊಂದು ಡಿಗ್ರಿ ಜಾರಿದರೆ 'ಗಾಢ'. ಗೋಡೆ ಬಿಟ್ಟು ಕಡುಬಣ್ಣದ ತೇಗದ ಬಾಗಿಲ ಮುಂದೆ ನಿಂತರೆ ಫೋನು ಕತ್ತಲನ್ನು ಕಂಡು ಬೆಳಕನ್ನು ಎರಡು ಪಟ್ಟು ಏರಿಸಿತು ಎನ್ನಿ. L* 76, b* ಸುಮಾರು 23, ಕೋನ 49. ಈಗ ಅವಳು 'ತಿಳಿ' ಬಣ್ಣದವಳು.

ನಾಲ್ಕು ಹೆಜ್ಜೆ ಆಚೀಚೆ ನಿಂತದ್ದಕ್ಕೆ ಆರು ವರ್ಗಗಳಲ್ಲಿ ಮೂರನ್ನು ಅವಳ ಕೆನ್ನೆ ಸುತ್ತಿಬಂತು. ಈಗಿನ ಫೋನುಗಳು ಮುಖವನ್ನು ಗುರುತಿಸಿ ಅದಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸುವುದರಿಂದ ಏರಿಳಿತ ಎಷ್ಟೋ ಸಲ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ ಆ ಹೊಂದಾಣಿಕೆಗೆ ಮೊದಲು ಮುಖ ಸಿಗಬೇಕು. ಬೆಳಗುವ ಕಿಟಕಿಗೆ ಬೆನ್ನು ಹಾಕಿದ ಗಾಢ ಬಣ್ಣದ ಮುಖ ಬರೀ ನೆರಳಾಗಿ ಕಂಡು ಕೈತಪ್ಪಿದರೆ, ಫೋನು ಕಿಟಕಿಯನ್ನು ನೋಡಿಕೊಂಡು ಬೆಳಕನ್ನು ಇನ್ನಷ್ಟು ತಗ್ಗಿಸುತ್ತದೆ. ಮುಖ ಇನ್ನಷ್ಟು ಮುಳುಗುತ್ತದೆ.

ಕಪ್ಪಿಗೇ ಪೆಟ್ಟು ಹೆಚ್ಚೇಕೆ

ಬೆಳಕು ಎಲ್ಲರಿಗೂ ಮೋಸ ಮಾಡುತ್ತದಲ್ಲ, ಹಾಗಾದರೆ ಮೈಬಣ್ಣದ ಪಕ್ಷಪಾತ ಎಲ್ಲಿಂದ ಬಂತು ಎಂದು ಕೇಳಬಹುದು. ಇದಕ್ಕೆ ಉತ್ತರ ಅಂಕದ ಆ್ಯಪ್‌ಗಿಂತ ಚರ್ಮ ಪರೀಕ್ಷಿಸುವ ಆ್ಯಪ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂಗಿನ ಮೇಲಿನ ಜಿಡ್ಡನ್ನೇ ತೆಗೆದುಕೊಳ್ಳಿ. ಮುಖದಿಂದ ಬೆಳಕು ಎರಡು ಬಗೆಯಲ್ಲಿ ಮರಳುತ್ತದೆ. ಒಂದಷ್ಟು ಚರ್ಮದ ಮೇಲ್ಪದರಕ್ಕೆ ತಾಗಿ ಒಳಹೋಗದೆ ಹಾಗೆಯೇ ಪುಟಿಯುತ್ತದೆ. ನೇರವಾಗಿ ಬಿದ್ದ ಬೆಳಕಿನಲ್ಲಿ ಇದು ನೂರಕ್ಕೆ ನಾಲ್ಕು-ಐದು ಪಾಲು. ಮೈಬಣ್ಣ ಯಾವುದಿದ್ದರೂ ಹೆಚ್ಚು ಬದಲಾಗುವುದಿಲ್ಲ. ಉಳಿದದ್ದು ಒಳಗೆ ಹೊಕ್ಕು, ಮೆಲನಿನ್ ಹೀರಿಕೊಂಡು ಮಿಕ್ಕಿದ್ದು ಚದುರಿ ಹೊರಬರುತ್ತದೆ. ಮೈಬಣ್ಣ ಅಂದರೆ ಇದೇ. ತಿಳಿ ಚರ್ಮದಿಂದ ಹೀಗೆ ನೂರಕ್ಕೆ 40 ಪಾಲು, ಗಾಢ ಚರ್ಮದಿಂದ 8 ಪಾಲು ಬರುತ್ತದೆ ಎಂದು ಹಿಡಿಯೋಣ. ಮೇಲ್ಪದರದ ನಾಲ್ಕು ಪಾಲು ಹೊಳಪು ನಲವತ್ತರ ಮೇಲೆ ಕುಳಿತರೆ ಹತ್ತರಲ್ಲೊಂದು ಹೆಚ್ಚಳ, ಕಣ್ಣಿಗೇ ಬೀಳದು. ಅದೇ ನಾಲ್ಕು ಎಂಟರ ಮೇಲೆ ಕುಳಿತರೆ ಒಂದೂವರೆ ಪಟ್ಟು. ಸುತ್ತಲ ಚರ್ಮಕ್ಕಿಂತ ಇಷ್ಟು ಹೊಳೆದರೆ ಜಿಡ್ಡು ಎಂದು ಗೆರೆ ಎಳೆದಿಟ್ಟ ಆ್ಯಪ್, ಎರಡೂ ಮೂಗಿನ ಮೇಲೆ ಒಂದೇ ಪ್ರಮಾಣದ ಎಣ್ಣೆ ಇದ್ದರೂ ಕಪ್ಪಗಿರುವವರಿಗೆ ಮಾತ್ರ 'ಆಯ್ಲಿ' ಎನ್ನುತ್ತದೆ. ಹಿಂದೆ ಸ್ಟುಡಿಯೊಗಳ ಕನ್ನಡಿ ಮುಂದೆ ಬಾಚಣಿಗೆಯ ಜೊತೆ ಪೌಡರ್ ಡಬ್ಬಿ ಇರುತ್ತಿದ್ದುದರ ಒಂದು ಉಪಯೋಗವೂ ಇದೇ: ಪೌಡರ್ ಆ ಹೊಳಪನ್ನು ಮುರಿಯುತ್ತದೆ.

ಕಣ್ಣ ಕೆಳಗಿನ ಕಪ್ಪಿನ ಕತೆಯೂ ಹೀಗೆಯೇ. ಆ್ಯಪ್ ಕಣ್ಣ ಕೆಳಗಿನ ತುಂಡನ್ನು ಕೆನ್ನೆಯ ತುಂಡಿಗೆ ಹೋಲಿಸಿ, ವ್ಯತ್ಯಾಸ ಒಂದು ಮಿತಿ ದಾಟಿದರೆ ದೂರು ಕೊಡುತ್ತದೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮತ್ತು ಆಗಸ್ಟ್ ತಿಂಗಳ ಮೂರನೇ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ತಾರಸಿಯಲ್ಲಿ ನಿಂತರೆ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ. ಆ್ಯಪ್ ಅದನ್ನು ನಿದ್ದೆಗೆಟ್ಟ ಕಪ್ಪು ಎಂದು ಓದುತ್ತದೆ. ಕಣ್ಣಿನ ಸುತ್ತ ಬಣ್ಣ ತುಸು ಗಾಢವಾಗಿರುವುದು ನಮ್ಮಲ್ಲಿ ಎಷ್ಟೋ ಮನೆತನಗಳಲ್ಲಿ ಹುಟ್ಟಿನಿಂದಲೇ ಬರುವ ಲಕ್ಷಣ. ಆ್ಯಪ್‌ನ ಮಿತಿಯನ್ನು ತಿಳಿ ಚರ್ಮ ನೋಡಿ ಇಟ್ಟಿದ್ದರೆ ಅದೂ ದೋಷದ ಪಟ್ಟಿಗೆ ಸೇರುತ್ತದೆ.

ಮೊಡವೆಯಲ್ಲಿ ತಪ್ಪು ತಿರುವುಮುರುವಾಗುತ್ತದೆ. ಉರಿಯೂತವನ್ನು ಆ್ಯಪ್ ಹುಡುಕುವುದು ಕೆಂಪಿನಿಂದ. ಗಾಢ ಚರ್ಮದಲ್ಲಿ ಮೆಲನಿನ್ ಆ ಕೆಂಪನ್ನು ಮುಚ್ಚುವುದರಿಂದ ಉರಿಯುತ್ತಿರುವ ಮೊಡವೆ ತಪ್ಪಿಸಿಕೊಳ್ಳುತ್ತದೆ. ಅದು ಮಾಗಿದ ಮೇಲೆ ಉಳಿಯುವ ಕಂದು ಕಲೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಔಷಧ ಬೇಕಾದಾಗ ಸುಮ್ಮನಿದ್ದು, ತಾನಾಗಿ ಮಾಸುವ ಹೊತ್ತಿಗೆ ಕ್ರೀಮ್ ತೋರಿಸುತ್ತದೆ.

ಇನ್ನು ರಾತ್ರಿಯ ಟ್ಯೂಬ್‌ಲೈಟ್. ಬೆಳಕು ಕಡಿಮೆ, ಚರ್ಮ ಹೀರುವುದು ಹೆಚ್ಚು, ಹಾಗಾಗಿ ಸೆನ್ಸರಿಗೆ ತಲುಪುವುದು ತೀರ ಸ್ವಲ್ಪ. ಫೋನು ಅದನ್ನು ಹಿಗ್ಗಿಸಿದಾಗ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಏಳುತ್ತದೆ. ಅದನ್ನು ಅಳಿಸಲು ಹೋಗಿ ದವಡೆಯ ಗೆರೆಯೂ ಅಳಿಸುತ್ತದೆ. ಚುಕ್ಕಿ ಇಡುವ ತಂತ್ರಾಂಶ ಕತ್ತಲ ಕಡೆಯ ದವಡೆಯನ್ನು ಅಂದಾಜಿನ ಮೇಲೆ ಇಡುತ್ತದೆ, ಎಡಬಲ ಹೊಂದುವುದಿಲ್ಲ, ಅಂಕ ಇಳಿಯುತ್ತದೆ. ತಿಳಿ ಬಣ್ಣದ ಮುಖಕ್ಕೂ ಇದೇ ಆಗುತ್ತದೆ, ಆದರೆ ಇನ್ನಷ್ಟು ಕತ್ತಲಾದ ಮೇಲೆ.

ಯಂತ್ರ ತೀರ್ಪುಗಾರನಾದಾಗ

2016ರಲ್ಲಿ ಬ್ಯೂಟಿ.ಎಐ ಎಂಬ ಸೌಂದರ್ಯ ಸ್ಪರ್ಧೆ ನಡೆಯಿತು. ತೀರ್ಪುಗಾರರು ಮನುಷ್ಯರಲ್ಲ, ತಂತ್ರಾಂಶಗಳು. ಮುಖದ ಹೊಂದಾಣಿಕೆ, ಸುಕ್ಕು ಮೊದಲಾದವನ್ನು ನೋಡಿ ಪಕ್ಷಪಾತವಿಲ್ಲದೆ ಆರಿಸುತ್ತವೆ ಎಂಬುದೇ ಅದರ ಹೆಗ್ಗಳಿಕೆ. ನೂರಕ್ಕೂ ಹೆಚ್ಚು ದೇಶಗಳಿಂದ ಸುಮಾರು 6000 ಮಂದಿ ಫೋಟೊ ಕಳಿಸಿದರು. ಭಾರತದಿಂದಲೂ ಬಹಳ ಮಂದಿ ಇದ್ದರು. ಗೆದ್ದ 44 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಕೆಲವರು ಏಷ್ಯಾದವರು, ಗಾಢ ಮೈಬಣ್ಣದವರು ಒಬ್ಬರೇ. ಬೆಳ್ಳಗಿರುವುದು ಚೆಂದ ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಕಲಿಕೆಯ ಫೋಟೊಗಳಲ್ಲಿ ಬೇರೆ ಬಣ್ಣದವರು ಸಾಕಷ್ಟಿರಲಿಲ್ಲ ಎಂದು ಆಯೋಜಕರೇ ಒಪ್ಪಿಕೊಂಡರು. ಮರುವರ್ಷ ಫೇಸ್‌ಆ್ಯಪ್‌ನ 'ಹಾಟ್' ಎಂಬ ಫಿಲ್ಟರ್ ಮುಖವನ್ನು ಚೆಂದಗಾಣಿಸುವ ಹೆಸರಿನಲ್ಲಿ ಬಿಳಿಚಿಸುತ್ತಿದೆ ಎಂದು ಗಲಾಟೆಯಾಯಿತು. ಆ ಕಂಪನಿಯೂ ಕ್ಷಮೆ ಕೇಳಿ, ಕಲಿಕೆಯ ಸಂಗ್ರಹದತ್ತಲೇ ಬೆರಳು ತೋರಿಸಿತು.

ಭಾರತೀಯ ಮುಖಗಳ ಮೇಲೆಯೇ ನಡೆದ ಪರೀಕ್ಷೆಯೂ ಒಂದಿದೆ. ಗೌರವ್ ಜೈನ್ ಮತ್ತು ಸ್ಮೃತಿ ಪರ್ಶೀರ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವಾಣಿಜ್ಯ ತಂತ್ರಾಂಶಗಳನ್ನು ಭಾರತದ ಚುನಾವಣಾ ಅಭ್ಯರ್ಥಿಗಳ ಫೋಟೊಗಳ ಮೇಲೆ ಪರೀಕ್ಷಿಸಿದರು. ಕೇಳಿದ್ದು ಚೆಲುವಿನ ಪ್ರಶ್ನೆಯಲ್ಲ, ತೀರ ಸರಳವಾದದ್ದು: ಇದು ಗಂಡೋ ಹೆಣ್ಣೋ, ವಯಸ್ಸೆಷ್ಟು? ನಾಲ್ಕೂ ತಂತ್ರಾಂಶಗಳು ಹೆಣ್ಣು ಮುಖಗಳಲ್ಲಿ ಹೆಚ್ಚು ತಪ್ಪಿದವು. ಒಂದರ ತಪ್ಪಂತೂ ಶೇ 14.68. ವಯಸ್ಸಿನಲ್ಲಿ ಹತ್ತು ವರ್ಷ ಆಚೀಚೆಯನ್ನು ಮನ್ನಿಸಿದರೂ ಶೇ 14.3ರಿಂದ 42.2ರವರೆಗೆ ತಪ್ಪು. ಸರಿಯುತ್ತರ ಒಂದೇ ಇರುವ ಪ್ರಶ್ನೆಯಲ್ಲಿ ಹೀಗೆ ಮುಗ್ಗರಿಸುವ ಬಗೆಯ ತಂತ್ರ, ಸರಿಯುತ್ತರವೇ ಇಲ್ಲದ ಚೆಲುವಿನ ಪ್ರಶ್ನೆಗೆ ದಶಮಾಂಶದವರೆಗೆ ಉತ್ತರ ಕೊಡುತ್ತಿದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಆ್ಯಪ್ ಅಳೆಯುತ್ತಿರುವುದು ಮುಖವನ್ನೋ ಬೆಳಕನ್ನೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಂದೇ ಫೋಟೊ ತೆಗೆದುಕೊಂಡು ಫೋನಿನ ಎಡಿಟರ್‌ನಲ್ಲಿ ಬ್ರೈಟ್‌ನೆಸ್ ಮಾತ್ರ ಏರಿಸಿ ಒಂದು ಪ್ರತಿ, ಇಳಿಸಿ ಇನ್ನೊಂದು ಪ್ರತಿ ಮಾಡಿ. ಮೂರನ್ನೂ ಆ್ಯಪ್‌ಗೆ ಕೊಡಿ. ಮುಖ ಬದಲಾಗಿಲ್ಲ, ಮೂಗು ಜರುಗಿಲ್ಲ. ಅಂಕ ಬದಲಾದರೆ ಆ ಬದಲಾವಣೆಯೆಲ್ಲ ಬೆಳಕಿನದು. ಬಳಿಕ ಬೆಳಗಿನ ಹೊತ್ತು ಕಿಟಕಿಗೆ ಮುಖ ಮಾಡಿ ಒಂದು, ಬೆನ್ನು ಮಾಡಿ ಒಂದು ತೆಗೆದು ಹೋಲಿಸಿ. ನಿಮ್ಮದೇ ಎರಡು ಫೋಟೊಗಳ ನಡುವಿನ ಅಂತರ ನಿಮಗೂ ಗೆಳತಿಗೂ ನಡುವಿನ ಅಂತರಕ್ಕಿಂತ ದೊಡ್ಡದಾಗಿದ್ದರೆ ಆ ಆ್ಯಪ್‌ಗೆ ನಿಮ್ಮಿಬ್ಬರನ್ನು ಹೋಲಿಸುವ ಯೋಗ್ಯತೆಯಿಲ್ಲ. ತಿಳಿಬಣ್ಣದ ಒಬ್ಬರು, ಗಾಢ ಬಣ್ಣದ ಒಬ್ಬರು ಒಟ್ಟಿಗೆ ಇದೇ ಪರೀಕ್ಷೆ ಮಾಡಿದರೆ ಮಬ್ಬು ಬೆಳಕಿನಲ್ಲಿ ಯಾರ ಅಂಕ ಹೆಚ್ಚು ಕುಸಿಯುತ್ತದೆ ಎಂಬುದೂ ಕಾಣುತ್ತದೆ.

ಚರ್ಮದ ಕ್ಲಿನಿಕ್ಕುಗಳಲ್ಲಿ ಈ ಮೋಸವನ್ನು ಕಡಿಮೆ ಮಾಡಲು ಎಷ್ಟು ಏರ್ಪಾಡು ಬೇಕಾಗಿದೆ ನೋಡಿ. ಅಲ್ಲಿನ ಚಿತ್ರ ತೆಗೆಯುವ ಪೆಟ್ಟಿಗೆಯಲ್ಲಿ ಗಲ್ಲ ಊರಲು ಜಾಗವಿರುತ್ತದೆ, ಹೊರಬೆಳಕಿಗೆ ತಡೆ ಇರುತ್ತದೆ, ದೀಪಗಳು ಅಳೆದು ಇಟ್ಟ ಜಾಗದಲ್ಲಿರುತ್ತವೆ. ದೀಪಕ್ಕೂ ಲೆನ್ಸಿಗೂ ಅಡ್ಡ ದಿಕ್ಕಿನ ಪೋಲರೈಸರ್ ಹಾಕಿ ಮೇಲ್ಪದರದ ಆ ನಾಲ್ಕು ಪಾಲು ಹೊಳಪನ್ನು ತೆಗೆದುಹಾಕುತ್ತಾರೆ. ಇಷ್ಟು ಮಾಡಿದ ಮೇಲೂ ಒಳ್ಳೆಯ ವೈದ್ಯರು ಹೋಲಿಸುವುದು ಮುಖ್ಯವಾಗಿ ಅದೇ ರೋಗಿಯ ಹಿಂದಿನ ಚಿತ್ರದ ಜೊತೆ. ರಂಗಭೂಮಿಯವರಿಗೂ ಇದು ತಿಳಿದ ವಿಷಯ. ರಾಮಕೃಷ್ಣನಗರದಲ್ಲಿಯೇ 'ನಟನ' ರಂಗಶಾಲೆಯಿದೆ. ಅಲ್ಲಿ ನಾಟಕ ನೋಡಿದವರು ಒಬ್ಬನೇ ನಟ ದೀಪ ಬದಲಾದಂತೆ ಮುದುಕನಾಗಿ, ಯುವಕನಾಗಿ, ಕ್ರೂರಿಯಾಗಿ ಕಾಣುವುದನ್ನು ಕಂಡಿರುತ್ತಾರೆ. ದೀಪದವರು ಬೇಕೆಂದು ಮಾಡುವುದನ್ನು ಆ್ಯಪ್ ತಿಳಿಯದೆ ನಂಬುತ್ತದೆ.

ಬೆಳಕಿನ ತಪ್ಪನ್ನು ಮುಂದೆ ಸರಿಪಡಿಸಬಹುದು. ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ಅವರ ಜೊತೆ ಗೂಗಲ್ 2022ರಲ್ಲಿ ಹೊರತಂದ ಹತ್ತು ಛಾಯೆಗಳ ಮೈಬಣ್ಣದ ಪಟ್ಟಿಯಂಥ ಸಾಧನಗಳು, ಎಲ್ಲ ಬಣ್ಣದವರಿಗೂ ತಂತ್ರಾಂಶ ಸಮನಾಗಿ ಕೆಲಸ ಮಾಡುತ್ತಿದೆಯೇ ಎಂದು ಒರೆಗೆ ಹಚ್ಚಲೆಂದೇ ಬಂದಿವೆ. ಮುಖ ಹುಡುಕುವುದು, ಮೊಡವೆ ಗುರುತಿಸುವುದು, ಇಂಥ ಕೆಲಸಗಳಲ್ಲಿ ಅವುಗಳಿಂದ ನಿಜವಾದ ಲಾಭವಿದೆ. ಮುಖ ಇದೆಯೋ ಇಲ್ಲವೋ, ಮೊಡವೆ ಹೌದೋ ಅಲ್ಲವೋ ಎಂಬುದಕ್ಕೆ ಹೊರಗೊಂದು ಸತ್ಯವಿದೆ. ಅದಕ್ಕೆ ಹತ್ತಿರ ಹೋದಷ್ಟೂ ತಂತ್ರಾಂಶ ಸುಧಾರಿಸಿತು ಎನ್ನಬಹುದು. ಚೆಲುವಿನ ಅಂಕಕ್ಕೆ ಅಂಥ ಸತ್ಯ ಇಲ್ಲ. ನಾಳೆ ಎಲ್ಲ ಮೈಬಣ್ಣದ ಫೋಟೊಗಳನ್ನೂ ಸಮವಾಗಿ ಸೇರಿಸಿ, ಬೆಳಕಿನ ದೋಷವನ್ನೆಲ್ಲ ಕಳೆದು, ಒಂದು ಹೊಸ ಆ್ಯಪ್ ಬಂದೀತು. ಆಗಲೂ ಅದು ಹೇಳುವುದು ಯಾರೋ ಕೆಲವರ ಸರಾಸರಿ ಅಭಿಪ್ರಾಯವನ್ನೇ, ಮೊದಲಿಗಿಂತ ಕಡಿಮೆ ಏರುಪೇರಿನಲ್ಲಿ, ಅಷ್ಟೇ. ಆ ಕೆಲವರಿಗೆ ಬಿಳಿ ಬಣ್ಣ ಇಷ್ಟವಾಗಿದ್ದರೆ, ಬೆಳಕಿನ ನೆಪವೂ ಇಲ್ಲದೆ, ಅದೇ ತೀರ್ಪು ಇನ್ನೂ ಖಚಿತವಾಗಿ ಬರುತ್ತದೆ.